ಅಂಗಡಿಗೆ ಹತ್ತು ತುಂಬಿತು: ಮೂವತ್ತೈದು ಪದಗಳ ಒಂದು ಅಡಿಬರಹದ ಪ್ರಕರಣ

ಮೈಸೂರಿನ ಬಡಾವಣೆಯೊಂದರ ಕಾಂಡಿಮೆಂಟ್ಸ್ ಅಂಗಡಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಹುರಿಗಡಲೆ, ಚಟ್ನಿಪುಡಿ, ಹಬ್ಬದ ಹೊತ್ತಿಗೆ ಹೋಳಿಗೆ. ಕೌಂಟರಿನಲ್ಲಿ ಇಬ್ಬರು, ಹಿಂದೆ ಬಾಣಲೆಯ ಮುಂದೆ ಇಬ್ಬರು. ಅಂಗಡಿ ಶುರುವಾದದ್ದು 2015ರ ಯುಗಾದಿಯಂದು. ಹತ್ತು ವರ್ಷ ತುಂಬಿದ ದಿನ ಇನ್‌ಸ್ಟಾಗ್ರಾಮ್‌ಗೂ ವಾಟ್ಸ್ಆ್ಯಪ್ ಸ್ಟೇಟಸ್‌ಗೂ ಒಂದು ಫೋಟೊ ಹಾಕಬೇಕು, ಅದರ ಕೆಳಗೆ ನಾಲ್ಕು ಮಾತು ಬೇಕು. ಬಂದುಹೋಗುವವರಿಗೆ ಧನ್ಯವಾದ ಹೇಳಿದಂತಿರಬೇಕು, ನಮ್ಮ ಬೆನ್ನು ನಾವೇ ತಟ್ಟಿಕೊಂಡಂತೆ ಕಾಣಬಾರದು. ಕೇಳಿದ್ದು ಇಷ್ಟೇ.

ಮಾಲೀಕರು ಮೊದಲು ಬರೆದ ಒಕ್ಕಣೆ ಹೀಗಿತ್ತು:

"ನಿಮ್ಮ ನೆಚ್ಚಿನ ಅಂಗಡಿ ಯಶಸ್ವಿ ಹತ್ತು ವರ್ಷಗಳನ್ನು ಪೂರೈಸಿ ಹನ್ನೊಂದನೇ ವರ್ಷಕ್ಕೆ ಪಾದಾರ್ಪಣೆ ಮಾಡುತ್ತಿದೆ! ಗುಣಮಟ್ಟದಲ್ಲಿ ಎಂದೂ ರಾಜಿ ಮಾಡಿಕೊಳ್ಳದೆ, ನೋಟು ರದ್ದತಿ, ಕೊರೊನಾದಂಥ ಸಂಕಷ್ಟಗಳನ್ನು ಎದುರಿಸಿ ಮೈಸೂರಿನ ಮನೆಮಾತಾಗಿ ಬೆಳೆದಿದ್ದೇವೆ. ನಮ್ಮ ಈ ಯಶಸ್ಸಿಗೆ ಕಾರಣರಾದ ಗ್ರಾಹಕ ದೇವರುಗಳಿಗೆ ನಾವು ಸದಾ ಚಿರಋಣಿ. ಈ ಸಂಭ್ರಮದ ಅಂಗವಾಗಿ ಎಲ್ಲ ತಿಂಡಿಗಳ ಮೇಲೆ 10% ರಿಯಾಯಿತಿ. ನಿಮ್ಮ ಪ್ರೀತಿ, ಬೆಂಬಲ ಹೀಗೇ ಇರಲಿ."

ಇದರಲ್ಲಿ ಸುಳ್ಳೇನಿಲ್ಲ, ಸೊಕ್ಕೂ ಇಲ್ಲ. ಊರಿನ ಫ್ಲೆಕ್ಸ್‌ಗಳ ಮೇಲೆ ನಾವೆಲ್ಲ ಓದಿ ಓದಿ ಬಾಯಿಪಾಠವಾದ ಭಾಷೆ ಇದು. ಬರೆಯಲು ಕುಳಿತ ಯಾರ ಕೈಗೂ ಮೊದಲು ಬರುವುದು ಇದೇ. ಆದರೂ ಓದಿ ಮುಗಿಸಿದ ಮೇಲೆ ನೆನಪಿನಲ್ಲಿ ಉಳಿಯುವುದು ಅಂಗಡಿಯೊಂದೇ. ಏಕೆ ಹಾಗಾಗುತ್ತದೆ ಎನ್ನುವುದನ್ನು ತುಸು ನಿಧಾನವಾಗಿ ನೋಡಬೇಕು.

ಕ್ರಿಯಾಪದದ ಬಾಲ ಹಿಡಿದು ನೋಡುವುದು

"ನಾವು, ನಮ್ಮ ಎನ್ನುವ ಪದಗಳನ್ನು ತೆಗೆದರೆ ಸರಿಹೋಗುತ್ತದೆ" ಎಂಬುದು ಸಾಮಾನ್ಯವಾಗಿ ಸಿಗುವ ಸಲಹೆ. ಕನ್ನಡದಲ್ಲಿ ಅದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ನಮ್ಮಲ್ಲಿ ಕರ್ತೃವನ್ನು ಬಿಟ್ಟು ಬರೆದರೂ ಕ್ರಿಯಾಪದದ ಕೊನೆ ಅವನನ್ನು ಹಿಡಿದುಕೊಡುತ್ತದೆ. "ಬೆಳೆದಿದ್ದೇವೆ" ಎಂದರೆ ಸಾಕು, ಬೆಳೆದವರು ಯಾರು ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಪರೀಕ್ಷೆ ಮಾಡಬೇಕಾದದ್ದು ಸರ್ವನಾಮವನ್ನಲ್ಲ, ವಾಕ್ಯದ ಬಾಲವನ್ನು. ಒಕ್ಕಣೆಯನ್ನು ಕಾಗದದ ಮೇಲೆ ಬರೆದು, "-ಎವು, -ಏವೆ" ಎಂದು ಮುಗಿಯುವ ಕ್ರಿಯಾಪದಗಳ ಕೆಳಗೆ ಒಂದು ಗೆರೆ, "-ಇರಿ, -ಈರಿ" ಎಂದು ಮುಗಿಯುವವುಗಳ ಕೆಳಗೆ ಎರಡು ಗೆರೆ ಎಳೆಯಿರಿ. ಎರಡು ಗೆರೆಯವು ಎಷ್ಟಿವೆಯೋ ಅಷ್ಟು ಸಲ ಓದುಗ ಆ ಬರಹದೊಳಗೆ ಏನನ್ನಾದರೂ ಮಾಡಿದ್ದಾನೆ.

ಮೇಲಿನ ಕರಡಿನಲ್ಲಿ ಎರಡು ಗೆರೆಯದು ಒಂದೂ ಇಲ್ಲ. ಐದು ವಾಕ್ಯಗಳಲ್ಲಿ ಮೊದಲ ಮೂರು ಅಂಗಡಿಯವು, ನಾಲ್ಕನೆಯದು ರಿಯಾಯಿತಿ, ಐದನೆಯದು ಬೇಡಿಕೆ. ಗಿರಾಕಿ ಏನಾದರೂ ಮಾಡಿದವನಾಗಿ ಬರುವುದು "ಕಾರಣರಾದ" ಎಂಬ ಒಂದೇ ಪದದಲ್ಲಿ, ಅದೂ ನಮ್ಮ ಯಶಸ್ಸಿಗೆ. ಅಂದರೆ ಅವನಿಗೆ ಸಿಕ್ಕ ಸ್ಥಾನ ಏಣಿಯದು. ಧನ್ಯವಾದ ಹೇಳಿದಂತಿದ್ದರೂ ಹೊಗಳಿಕೆ ಹತ್ತಿ ಕುಳಿತದ್ದು ಏಣಿಯ ಮೇಲಿನವರ ಮೇಲೆ.

ಬಿಡಿ ಪದಗಳೂ ಇದೇ ಕೆಲಸ ಮಾಡಿವೆ. "ನೆಚ್ಚಿನ ಅಂಗಡಿ" ಎನ್ನುವುದು ಗಿರಾಕಿ ಹೇಳಬೇಕಾದ ಮಾತು. ಅದನ್ನು ಅವನ ಬಾಯಿಗೆ ನಾವೇ ಇಟ್ಟಿದ್ದೇವೆ. "ಮನೆಮಾತು" ಕೂಡ ಹಾಗೆಯೇ, ಮನೆಯವರು ಹೇಳಿದರಷ್ಟೇ ಅದು ಮನೆಮಾತು. "ಬೆಂಬಲ" ಚುನಾವಣೆಗೆ ನಿಂತವರಿಗೆ ಹೊಂದುವ ಪದ. ಅರ್ಧ ಕಿಲೊ ನಿಪ್ಪಟ್ಟು ಒಯ್ದವರು ಬೆಂಬಲ ಕೊಡಲು ಬಂದವರಲ್ಲ, ನಿಪ್ಪಟ್ಟಿಗೆ ಬಂದವರು. "ಸದಾ ಚಿರಋಣಿ"ಯಲ್ಲಿ ಸದಾ ಎಂದರೂ ಚಿರ ಎಂದರೂ ಒಂದೇ. ಋಣ ಎನ್ನುವುದು ಕನ್ನಡದಲ್ಲಿ ತಂದೆತಾಯಿಗೆ, ಅನ್ನಕ್ಕೆ, ಮಣ್ಣಿಗೆ ಇಟ್ಟುಕೊಂಡ ಭಾರವಾದ ಮಾತು. ಅದನ್ನು ಹಣ ಕೊಟ್ಟು ತಿಂಡಿ ತೆಗೆದುಕೊಂಡವರ ಲೆಕ್ಕಕ್ಕೆ ಹಚ್ಚಿದರೆ ಭಾರವೂ ಹೋಗುತ್ತದೆ, ನಂಬಿಕೆಯೂ ಹೋಗುತ್ತದೆ. "ಗ್ರಾಹಕ ದೇವರುಗಳು" ಬಗ್ಗೆ ಹೆಚ್ಚು ಹೇಳುವುದು ಬೇಡ; ಚಿಲ್ಲರೆ ಇಲ್ಲ ಎಂದು ಹಿಂದಿನ ದಿನ ತಾನೇ ಮುಖ ಗಂಟಿಕ್ಕಿದ ಕೌಂಟರಿನಿಂದ ಆ ಪದ ಬಂದರೆ ಓದಿದವರು ನಗುತ್ತಾರೆ.

ಇನ್ನೊಂದು ಬದಿಗೆ ಜಾರಿದ ಎರಡನೇ ಕರಡು

ಮೊದಲನೆಯದು ಬೇಡ ಎಂದ ಕೂಡಲೇ ಸಿದ್ಧವಾದದ್ದು ಇದು:

"ಈ ಹತ್ತು ವರ್ಷದಲ್ಲಿ ನಾವು ಮಾಡಿದ್ದು ಏನೂ ಇಲ್ಲ. ಎಲ್ಲವೂ ನಿಮ್ಮಿಂದಲೇ. ನಮ್ಮದು ಬರೀ ಅಳಿಲು ಸೇವೆ. ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ."

ತಿಂಡಿ ಅಂಗಡಿಯವರು "ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ" ಎಂದು ಬರೆದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅದೊಂದನ್ನು ತಿದ್ದಿದರೂ ಈ ಕರಡು ನಿಲ್ಲುವುದಿಲ್ಲ. "ನಾವೇನೂ ಮಾಡಿಲ್ಲ" ಎಂದವರಿಗೆ ಓದುಗ ಮರ್ಯಾದೆಗಾದರೂ "ಛೆ ಛೆ, ಹಾಗೆಲ್ಲ ಹೇಳಬೇಡಿ, ನಿಮ್ಮ ಚಕ್ಕುಲಿ ಎಲ್ಲೂ ಸಿಗಲ್ಲ" ಎನ್ನಲೇಬೇಕಾಗುತ್ತದೆ. ಕೇಳದೆಯೇ ಹೊಗಳಿಕೆ ವಸೂಲಾಯಿತು. ಸಾಲದ್ದಕ್ಕೆ, ಬೆಳಗಿನ ಜಾವ ಎದ್ದು ಹಿಟ್ಟು ಕಲಸುವ ಇಬ್ಬರಿಗೆ "ಮಾಡಿದ್ದು ಏನೂ ಇಲ್ಲ" ಎಂದು ಓದುವಾಗ ಹೇಗನ್ನಿಸೀತು? ಇಲ್ಲಿಯೂ ಗೆರೆ ಎಳೆದು ನೋಡಿದರೆ ಗೊತ್ತಾಗುತ್ತದೆ: ಗಿರಾಕಿ ಮಾಡಿದ ಕೆಲಸ ಇದರಲ್ಲೂ ಒಂದಿಲ್ಲ. ಇರುವ ಒಂದೇ "ಹಾಕಿಕೊಳ್ಳಿ"ಯೂ ಅವನಿಗೆ ಕೊಟ್ಟ ಕೆಲಸ, ಅವನು ಮಾಡಿದ್ದಲ್ಲ. "ಎಲ್ಲವೂ ನಿಮ್ಮಿಂದಲೇ" ಎನ್ನುವಾಗ ಆ "ಎಲ್ಲ" ಯಾವುದು ಎಂದು ಬರೆದವರಿಗೂ ಗೊತ್ತಿಲ್ಲ.

ಕೊರತೆ ಇದ್ದದ್ದು ವಿನಯದಲ್ಲಲ್ಲ, ಸಾಮಗ್ರಿಯಲ್ಲಿ. ಏನಕ್ಕೆ ಧನ್ಯವಾದ ಎಂಬುದು ಕೈಯಲ್ಲಿಲ್ಲದೆ ಬರೆಯಲು ಕುಳಿತರೆ ದೊಡ್ಡ ಪದಗಳು ಆ ಖಾಲಿ ಜಾಗವನ್ನು ತುಂಬುತ್ತವೆ.

ಸಾಮಗ್ರಿ ಕೌಂಟರಿನಲ್ಲಿ ಸಿಗುತ್ತದೆ

ಮಾಲೀಕರನ್ನು ಬಿಟ್ಟು ಕೌಂಟರಿನ ಇಬ್ಬರನ್ನು ಕೇಳಬೇಕು, ಕೇಳುವ ಪ್ರಶ್ನೆಯೂ ಒಂದೇ ಇರಬೇಕು: ಬಂದವರು ತಮಗೆ ತೊಂದರೆಯಾದರೂ ನಮಗಾಗಿ ಏನು ಮಾಡಿದ್ದಾರೆ? "ಪ್ರೀತಿ ತೋರಿಸಿದ್ದಾರೆ" ಎಂಬ ಉತ್ತರ ಬಂದರೆ "ಹೇಗೆ ತೋರಿಸಿದರು, ಕೈಯಲ್ಲಿ ಏನು ಹಿಡಿದಿದ್ದರು, ಎಷ್ಟು ಹೊತ್ತು ನಿಂತರು" ಎಂದು ಮತ್ತೆ ಕೇಳಬೇಕು. ಅರ್ಧ ಗಂಟೆಯಲ್ಲಿ ಹತ್ತು ಹನ್ನೆರಡು ಸಂಗತಿ ಸಿಗುತ್ತವೆ. ಅವುಗಳಲ್ಲಿ ಉಳಿಸಬೇಕಾದದ್ದು ಮೂರು ನಾಲ್ಕು. ಬೇಡವಾದವನ್ನು ಬಿಡುವುದರಲ್ಲಿಯೇ ಇಡೀ ಒಕ್ಕಣೆಯ ಹದ ಇದೆ, ಆದ್ದರಿಂದ ಅದನ್ನೇ ವಿವರವಾಗಿ ಹೇಳುತ್ತೇವೆ.

ಮೊದಲು ಬಂದದ್ದು 2016ರ ನವೆಂಬರ್ ಸಂಗತಿ. ನವೆಂಬರ್ 8ರ ರಾತ್ರಿ 500, 1,000 ರೂಪಾಯಿಯ ನೋಟುಗಳು ರದ್ದಾದ ಮೇಲೆ ಜನರ ಕೈಯಲ್ಲಿ ಚಿಲ್ಲರೆ ಇರಲಿಲ್ಲ. ಅಂಗಡಿಯಲ್ಲಿ ಪುಸ್ತಕದಲ್ಲಿ ಬರೆದುಕೊಂಡು ತಿಂಡಿ ಕೊಟ್ಟರು. "ನಂಬಿ ಸಾಲ ಕೊಟ್ಟೆವು" ಎಂದರೆ ನೇರವಾಗಿ ಸ್ವಂತದ ಹೊಗಳಿಕೆ. ಅದನ್ನು ತಿರುಗಿಸಿ "ಬರೆಸಿ ಹೋದ ಬಾಕಿಯನ್ನು ನೀವೇ ನೆನಪಿಟ್ಟು ತೀರಿಸಿದ್ದೀರಿ" ಎಂದು ಬರೆಯಬಹುದಿತ್ತು, ಕ್ರಿಯಾಪದದ ಬಾಲವೂ ಸರಿಯಾಗುತ್ತಿತ್ತು. ಆದರೂ ಬಿಟ್ಟದ್ದೇಕೆಂದರೆ, ಬಾಕಿ ತೀರಿಸದೆ ಉಳಿದ ಒಬ್ಬರೋ ಇಬ್ಬರೋ ಇದನ್ನು ಓದಿದರೆ ಅದು ವಸೂಲಿ ನೋಟಿಸಿನಂತೆ ಕೇಳುತ್ತದೆ. ತೀರಿಸಿದವರಿಗೂ "ನಾನು ಸಾಲ ಮಾಡಿದ್ದೆ" ಎಂಬುದು ನಾಲ್ಕು ಜನರ ಮುಂದೆ ಬೇಕಾದ ಮಾತಲ್ಲ. ಬಾಲ ಸರಿಯಿದ್ದರೂ ವಾಕ್ಯ ತಪ್ಪಾಗಬಹುದು ಎಂಬುದಕ್ಕೆ ಇದು ಉದಾಹರಣೆ.

ಎರಡನೆಯದು ಉಳಿಯಿತು: ಡಬ್ಬಿ, ಬಟ್ಟೆ ಚೀಲ. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್‌ಗೆ ನಿಷೇಧ ಬಂದ ಮೇಲೆ ಅನೇಕರು ಮನೆಯಿಂದಲೇ ತರತೊಡಗಿದರು. ಇದರಲ್ಲಿ ಅಂಗಡಿಯ ಹೆಚ್ಚುಗಾರಿಕೆ ಏನೂ ಇಲ್ಲ, ತಂದವರಿಗೆ ಮಾತ್ರ ಸಣ್ಣ ತೊಂದರೆ ಇದೆ. "ಹೌದು, ನಾನೂ ತಂದಿದ್ದೇನೆ" ಎಂದು ಓದುಗ ತನ್ನನ್ನು ಅಲ್ಲಿ ಗುರುತಿಸಿಕೊಳ್ಳುತ್ತಾನೆ. ಹೆಸರು ಹಾಕದೆ ಹೆಸರು ಹಿಡಿದು ಕರೆದಂತಾಗುವುದು ಹೀಗೆ.

ಮೂರನೆಯದು ದೂರು. ದೂರು ಹೇಳಲು ಮತ್ತೆ ಬಂದವನಷ್ಟು ಉಪಕಾರಿ ಗಿರಾಕಿ ಬೇರೆ ಇಲ್ಲ. ಉಳಿದವರು ಸುಮ್ಮನೆ ಬೇರೆ ಅಂಗಡಿಗೆ ಹೋಗುತ್ತಾರೆ. ಆದರೆ ಎಲ್ಲ ದೂರೂ ಒಕ್ಕಣೆಗೆ ಬರುವುದಿಲ್ಲ. ನಿಪ್ಪಟ್ಟು ಕಮಟು ವಾಸನೆ ಬರುತ್ತಿದೆ ಎಂದು ಪೊಟ್ಟಣ ವಾಪಸ್ ತಂದವರೂ ಇದ್ದರು. ಎಣ್ಣೆ ಹಳಸಿದ ಆ ಸಂಗತಿಯನ್ನು ಸಂಭ್ರಮದ ದಿನ ಸಾರಿದರೆ ಹೊಸಬರು ನೆನಪಿಡುವುದು ಕಮಟನ್ನೇ. ಕೋಡುಬಳೆ ಖಾರವಾಯಿತು ಎಂಬ ದೂರು ಹಾಗಲ್ಲ. ಅದು ರುಚಿಯ ಮಾತು, ತಿದ್ದಿಕೊಂಡದ್ದೂ ಆಗಿದೆ, ಯಾರ ಆರೋಗ್ಯಕ್ಕೂ ಸಂಬಂಧಿಸಿದ್ದಲ್ಲ. ಅದು ಉಳಿಯಿತು. "ನೀವು ಹೇಳಿದ ಮೇಲೆ ನಾವು ಕೂಡಲೇ ಸರಿಪಡಿಸಿದೆವು" ಎಂಬ ಬಾಲಂಗೋಚಿಯನ್ನು ಮಾತ್ರ ಕತ್ತರಿಸಬೇಕಾಯಿತು. ಸರಿಪಡಿಸಿದ್ದು ಕೋಡುಬಳೆ ತಿನ್ನುವವರಿಗೆ ಗೊತ್ತೇ ಇದೆ.

ಕೊರೊನಾ ಕಾಲದ ಸಂಗತಿಗೆ ಹೆಚ್ಚು ಜಾಗ್ರತೆ ಬೇಕಿತ್ತು. ದೇಶವಿಡೀ ಲಾಕ್‌ಡೌನ್ ಶುರುವಾದದ್ದು 2020ರ ಮಾರ್ಚ್ 25ರಂದು, ಅದು ಯುಗಾದಿಯ ದಿನವೇ. ತಿಥಿಯ ಲೆಕ್ಕದಲ್ಲಿ ಅಂಗಡಿಗೆ ಸರಿಯಾಗಿ ಐದು ತುಂಬಿದ ದಿನ. ಇಷ್ಟು ಹೊಂದಿಕೊಂಡ ಸಂಗತಿ ಸಿಕ್ಕರೆ ಬರೆಯುವವರ ಕೈ ತುರಿಸುತ್ತದೆ: "ಆ ದಿನಗಳಲ್ಲೂ ಬಾಗಿಲು ಮುಚ್ಚದೆ ಸೇವೆ ಸಲ್ಲಿಸಿದೆವು". ಆಹಾರ ಪದಾರ್ಥದ ಅಂಗಡಿಗಳಿಗೆ ಅನುಮತಿ ಇತ್ತು, ತೆರೆದರು. ಅದರಲ್ಲಿ ಸೇವೆ ಎಷ್ಟು, ವ್ಯಾಪಾರ ಎಷ್ಟು ಎಂದು ಓದುವವರು ಮನಸ್ಸಿನಲ್ಲೇ ತೂಗುತ್ತಾರೆ. ಅದೇ ವಾರವನ್ನು ಕೌಂಟರಿನ ಆಚೆ ಕಡೆಯಿಂದ ನೋಡಿದರೆ ಬೇರೆ ಚಿತ್ರ: ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕ, ಅದರೊಳಗೆ ಬಿಸಿಲಲ್ಲಿ ನಿಂತ ಜನ. ಆ ಚೌಕ ಉಳಿಯಿತು, "ಸೇವೆ" ಹೋಯಿತು. ಆ ಕಾಲದಲ್ಲಿ ಮನೆಯವರನ್ನು ಕಳೆದುಕೊಂಡವರೂ ಓದುವವರಲ್ಲಿ ಇರುತ್ತಾರೆ, ಹಾಗಾಗಿ "ಕೊರೊನಾವನ್ನು ಗೆದ್ದೆವು" ಎಂಬ ಧಾಟಿ ಯಾವ ಅಂಗಡಿಗೂ ಬೇಡ.

ಮೂರನೇ ಕರಡು, ಅದರಲ್ಲೊಂದು ವ್ಯಾಕರಣದ ಗುಂಡಿ

ಉಳಿದ ಸಂಗತಿಗಳನ್ನು ಜೋಡಿಸಿದಾಗ ಮೊದಲು ಬಂದ ವಾಕ್ಯ ಇದು: "ಚಕ್ಕುಲಿ ಇನ್ನೂ ಬಾಣಲೆಯಲ್ಲಿದೆ ಎಂದಾಗ ಕಾದಿರಿ." ಬರೆದವರ ಕಿವಿಗೆ ಸರಿಯಾಗಿತ್ತು. ಗಟ್ಟಿಯಾಗಿ ಓದಿದಾಗ ತಪ್ಪು ಗೊತ್ತಾಯಿತು. "ಕಾದಿರಿ" ಎಂದರೆ ಕಾದದ್ದೂ ಆಗುತ್ತದೆ, ಕಾದು ಇರಿ ಎಂಬ ಅಪ್ಪಣೆಯೂ ಆಗುತ್ತದೆ. "ನಿಂತಿರಿ"ಗೂ ಇದೇ ಗತಿ. ಧನ್ಯವಾದದ ಪತ್ರದಲ್ಲಿ "ಚಕ್ಕುಲಿ ಆಗಿಲ್ಲ, ಕಾದಿರಿ" ಎಂದು ಗದರಿದಂತೆ ಕೇಳಿತು. "ಕಾದಿದ್ದೀರಿ" ಎಂದರೆ ಆ ಗೊಂದಲವಿಲ್ಲ. ಮೇಲಾಗಿ, ಒಂದು ಸಲವಲ್ಲ, ಹತ್ತು ವರ್ಷದಲ್ಲಿ ಹಲವು ಸಲ ಎಂಬ ಅರ್ಥವೂ ಅದಕ್ಕೆ ತಾನಾಗಿ ಬರುತ್ತದೆ. ಒಂದೇ ಕಾಲದಲ್ಲಿ ನಡೆದ ಸೀಮೆಸುಣ್ಣದ ಸಂಗತಿಗೆ ಮಾತ್ರ "ಒಯ್ದಿರಿ" ಎಂಬ ಸಾದಾ ಭೂತಕಾಲ ಸಾಕು.

ಇನ್ನೊಂದು ಸಣ್ಣ ಎಡವಟ್ಟು: "ಅಷ್ಟಕ್ಕೂ ಧನ್ಯವಾದ" ಎಂದು ಬರೆದದ್ದು. ಅಷ್ಟೂ ಸಂಗತಿಗಳಿಗೆ ಎಂಬುದು ಉದ್ದೇಶ. ಆಡುಮಾತಿನಲ್ಲಿ "ಅಷ್ಟಕ್ಕೂ" ಎಂದು ಶುರುಮಾಡಿದರೆ ಜಗಳಕ್ಕೆ ನಿಂತಂತೆ. ಅದು "ಇದಕ್ಕೆಲ್ಲ" ಆಯಿತು.

ಮೊದಲ ಸಾಲಿನ ಬಗ್ಗೆಯೂ ಯೋಚಿಸಬೇಕು. "ದಶಮಾನೋತ್ಸವ" ಎಂದರೆ ಸಂಘಸಂಸ್ಥೆಯ ವೇದಿಕೆ, ಶಾಲು, ಹಾರ ಕಣ್ಣಿಗೆ ಬರುತ್ತವೆ. "ವಾರ್ಷಿಕೋತ್ಸವ" ಎಂದರೆ ಶಾಲೆ. ಉತ್ಸವ ಎಂದಮೇಲೆ ಮೆರವಣಿಗೆಯಲ್ಲಿ ಕೂರುವವರು ಒಬ್ಬರು ಬೇಕಲ್ಲ, ಅದು ಅಂಗಡಿಯೇ ಆಗುತ್ತದೆ. ಮಕ್ಕಳ ವಯಸ್ಸಿಗೆ ನಾವು ಹೇಳುವ "ಹತ್ತು ತುಂಬಿತು" ಇದ್ದಂತೆಯೇ ಸಾಕು. ಅದರಲ್ಲಿ ಸಾಧನೆ ಇಲ್ಲ, ಕಾಲ ಮಾತ್ರ ಇದೆ. ಎಣಿಕೆಯ ತಪ್ಪೂ ಆಗುವುದಿಲ್ಲ: 2015ರಲ್ಲಿ ಶುರುವಾದ ಅಂಗಡಿಗೆ 2025ರಲ್ಲಿ ಹತ್ತು ತುಂಬುತ್ತದೆ, ನಡೆಯುವುದು ಹನ್ನೊಂದನೆಯ ವರ್ಷ. "ಹತ್ತನೇ ವರ್ಷದ ಸಂಭ್ರಮ" ಎಂದು ಬರೆದರೆ ಒಂಬತ್ತು ತುಂಬಿದೆಯೋ ಹತ್ತೋ ಎಂಬ ಲೆಕ್ಕಕ್ಕೆ ಯಾರಾದರೂ ಒಬ್ಬರು ಇಳಿದೇ ಇಳಿಯುತ್ತಾರೆ.

ಹಾಕಿದ ಒಕ್ಕಣೆ:

"ಅಂಗಡಿಗೆ ಇವತ್ತಿಗೆ ಹತ್ತು ತುಂಬಿತು.

ಚಕ್ಕುಲಿ ಇನ್ನೂ ಬಾಣಲೆಯಲ್ಲಿದೆ ಎಂದಾಗ ಬೇಸರಿಸದೆ ಕಾದಿದ್ದೀರಿ. ಚೀಲ, ಡಬ್ಬಿ ಮನೆಯಿಂದಲೇ ತಂದಿದ್ದೀರಿ. ಕೋಡುಬಳೆ ಖಾರವಾಯಿತು ಎಂದು ವಾಪಸ್ ಬಂದು ಹೇಳಿದ್ದೀರಿ. 2020ರ ಯುಗಾದಿ ವಾರದಲ್ಲಿ ಸೀಮೆಸುಣ್ಣದ ಚೌಕದೊಳಗೆ ನಿಂತು ಹುರಿಗಡಲೆ ಒಯ್ದಿರಿ.

ಇದಕ್ಕೆಲ್ಲ ಧನ್ಯವಾದ.

ನಾಳೆ ಎಂದಿನಂತೆ ಒಂಬತ್ತಕ್ಕೆ ಬಾಗಿಲು ತೆಗೆದಿರುತ್ತದೆ."

ಮೂವತ್ತೈದು ಪದ, ಮೊದಲ ಕರಡಿನಲ್ಲಿ ನಲವತ್ತೈದಿದ್ದವು. ಎರಡು ಗೆರೆಯ ಕ್ರಿಯಾಪದ ನಾಲ್ಕು, ಒಂದು ಗೆರೆಯದು ಒಂದೂ ಇಲ್ಲ. ಗುಣವಾಚಕ ಹುಡುಕಿದರೂ ಸಿಗದು. ಕೊನೆಯ ಸಾಲನ್ನು ತೆಗೆಯಬೇಕು ಎಂದವರಿದ್ದರು. ನಮ್ಮ ಅಭಿಪ್ರಾಯದಲ್ಲಿ ಅದು ಇರಬೇಕು. "ಹೀಗೇ ಹರಸಿ" ಎಂದು ಕೇಳುವುದರ ಬದಲು ಅಂಗಡಿ ತನ್ನ ಕೆಲಸದ ಮಾತಾಡಿ ಸುಮ್ಮನಾಗುತ್ತದೆ. ಆದರೆ ಒಂಬತ್ತಕ್ಕೆ ನಿಜವಾಗಿಯೂ ತೆಗೆಯುವ ಅಂಗಡಿ ಮಾತ್ರ ಆ ಸಾಲು ಬರೆಯಬಹುದು.

ಫೋಟೊ, ದಿನ, ರಿಯಾಯಿತಿ

ಒಕ್ಕಣೆ ಎಷ್ಟೇ ತಗ್ಗಿದ್ದರೂ ಮೇಲಿನ ಫೋಟೊದಲ್ಲಿ ಮಾಲೀಕರು ಪೇಟ ತೊಟ್ಟು ಹಾರ ಹಾಕಿಕೊಂಡು ಕೇಕ್ ಕತ್ತರಿಸುತ್ತಿದ್ದರೆ ಬರಹ ಸೋಲುತ್ತದೆ. ಇಲ್ಲಿ ಹಾಕಿದ್ದು ಗಿರಾಕಿಗಳು ಮೊಣಕೈ ಊರಿ ಊರಿ ಬಣ್ಣ ಹೋದ ಕೌಂಟರಿನ ಅಂಚು, ಅದರ ಮೇಲೆ ಯಾರದೋ ಸ್ಟೀಲ್ ಡಬ್ಬಿ. ಗಿರಾಕಿಗಳ ಮುಖವಿರುವ ಫೋಟೊ ಹಾಕುವುದಾದರೆ ಒಬ್ಬೊಬ್ಬರನ್ನೂ ಕೇಳಿಯೇ ಹಾಕಬೇಕು.

ದಿನದ ಆಯ್ಕೆಗೆ ಎರಡು ದಾರಿ ಇದ್ದವು. 2015ರ ಯುಗಾದಿ ಬಂದದ್ದು ಮಾರ್ಚ್ 21ಕ್ಕೆ, 2025ರದು ಮಾರ್ಚ್ 30ಕ್ಕೆ. ತಿಥಿ ಹಿಡಿದರೆ ಹಬ್ಬದ ದಿನ, ತಾರೀಖು ಹಿಡಿದರೆ ಒಂಬತ್ತು ದಿನ ಮೊದಲು. ಹಬ್ಬದ ದಿನ ಎಲ್ಲರ ಫೋನೂ ಬೇವುಬೆಲ್ಲದ ಚಿತ್ರಗಳಿಂದ ತುಂಬಿರುತ್ತದೆ, ಅಂಗಡಿಯಲ್ಲೂ ಹೋಳಿಗೆಯ ಗದ್ದಲದಲ್ಲಿ ಯಾರಿಗೂ ಉತ್ತರ ಬರೆಯಲು ಪುರಸೊತ್ತಿರುವುದಿಲ್ಲ. 21ನೇ ತಾರೀಖೇ ಸರಿ ಎನಿಸಿತು.

10% ರಿಯಾಯಿತಿಯನ್ನು ಬಿಡಲಿಲ್ಲ, ಬೇರೆ ಮಾಡಲಾಯಿತು. ಧನ್ಯವಾದದ ಕೆಳಗೇ ರಿಯಾಯಿತಿ ಬಂದರೆ ಮೇಲಿನದೆಲ್ಲ ಪೀಠಿಕೆಯಾಗಿ ಕಾಣುತ್ತದೆ. ಎರಡು ದಿನ ಬಿಟ್ಟು ಯಾವ ತಿಂಡಿಗೆ, ಎಂದಿನಿಂದ ಎಂದಿನವರೆಗೆ ಎಂದು ಒಣಒಣವಾಗಿ ಇನ್ನೊಂದು ಚಿತ್ರ ಹಾಕಿದರೆ ಯಾರಿಗೂ ತಕರಾರಿಲ್ಲ. ಕೆಲಸದವರಿಗೆ, ಹಿಟ್ಟಿನ ಗಿರಣಿಯವರಿಗೆ, ಬಾಡಿಗೆ ಮಾಲೀಕರಿಗೆ ಹೇಳುವ ಕೃತಜ್ಞತೆಯೂ ಇದರಲ್ಲಿ ಬೇಡ. ಸೇರಿಸಿದರೆ ಸಭೆಯ ಕೊನೆಯ ವಂದನಾರ್ಪಣೆಯಾಗುತ್ತದೆ, ಆಗ ಜನ ಎದ್ದು ಹೋಗುವುದು ಎಲ್ಲರಿಗೂ ಗೊತ್ತಿರುವುದೇ.

ತಾಂತ್ರಿಕ ಮಾತು ಒಂದೇ. ಇನ್‌ಸ್ಟಾಗ್ರಾಮ್‌ನಲ್ಲಿ ಉದ್ದನೆಯ ಅಡಿಬರಹದ ಮೊದಲ ಭಾಗ ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆದುಕೊಳ್ಳುತ್ತದೆ. ಕನ್ನಡದಲ್ಲಿ ಒತ್ತು, ಕೊಂಬುಗಳೂ ಲೆಕ್ಕಕ್ಕೆ ಬರುವುದರಿಂದ ಜಾಗ ಇನ್ನೂ ಬೇಗ ಮುಗಿಯುತ್ತದೆ. "ಹತ್ತು" ನಮಗೆ ಎರಡಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಐದು. ಆದ್ದರಿಂದ ಮೊದಲ ಸಾಲು ನಾಲ್ಕು ಪದಕ್ಕೆ ನಿಂತಿದೆ, ಚಕ್ಕುಲಿಯ ವಾಕ್ಯ ಅದರ ಬೆನ್ನಿಗೇ ಬಂದಿದೆ. ಫ್ಲೆಕ್ಸ್ ಅಂಗಡಿಯವರ ಕಂಪ್ಯೂಟರಿನಿಂದ ಪಠ್ಯವನ್ನು ನಕಲು ಮಾಡಿ ಅಂಟಿಸಲು ಹೋಗಬೇಡಿ. ಅವರು ಬಳಸುವುದು ಹಲವು ಸಲ ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟ್, ಫೋನಿಗೆ ಬಂದಾಗ ಅದು ಓದಲಾಗದ ಗೀಚಾಗಿರುತ್ತದೆ. ಫೋನಿನಲ್ಲೇ ಹೊಸದಾಗಿ ಟೈಪ್ ಮಾಡುವುದು ಸುಲಭ.

ಈ ಅಚ್ಚನ್ನು ಎಲ್ಲ ಅಂಗಡಿಗೂ ಒತ್ತಲಾಗುವುದಿಲ್ಲ. ಔಷಧಿ ಅಂಗಡಿಯವರು "ನೀವು ಏನು ಮಾಡಿದ್ದೀರಿ" ಎಂದು ಬಿಡಿಸಿ ಬರೆಯಲು ಹೋದರೆ ಯಾರದೋ ಕಾಯಿಲೆ ಬೀದಿಗೆ ಬರುತ್ತದೆ. ಗಿರವಿ ಅಂಗಡಿಗಂತೂ ಮಾತೇ ಇಲ್ಲ. ಅಂಥಲ್ಲಿ ಮೊದಲ ಸಾಲು, "ಬಂದದ್ದಕ್ಕೆ ಧನ್ಯವಾದ", ನಾಳೆಯ ವೇಳೆ, ಇಷ್ಟೇ ಸಾಕು. ಟೈಲರ್ ಅಂಗಡಿಗೆ ಸಾಮಗ್ರಿ ಹೇರಳ: ಹಬ್ಬದ ಹಿಂದಿನ ರಾತ್ರಿಯವರೆಗೂ ಬ್ಲೌಸಿಗೆ ಕಾದವರೇ ಒಂದು ಊರಾಗುವಷ್ಟಿರುತ್ತಾರೆ.

ಉತ್ತರಗಳಲ್ಲಿ ಧಾಟಿ ಕೆಡದಂತೆ ನೋಡಿಕೊಳ್ಳುವುದು ಉಳಿದ ಕೆಲಸ. "ಇನ್ನೂ ನೂರು ವರ್ಷ ನಡೆಯಲಿ" ಎಂದವರಿಗೆ "ಥ್ಯಾಂಕ್ಸ್ ಅಣ್ಣ", "ಬನ್ನಿ ಅಕ್ಕ" ಎಂದು ಕೌಂಟರಿನ ಮಾತೇ ಸಾಕು. "ಮೊದಲಿನ ರುಚಿ ಈಗಿಲ್ಲ" ಎಂದು ಒಬ್ಬರಾದರೂ ಬರೆಯುತ್ತಾರೆ. ಅದನ್ನು ಅಳಿಸಿದರೆ "ವಾಪಸ್ ಬಂದು ಹೇಳಿದ್ದೀರಿ" ಎಂಬ ವಾಕ್ಯ ಅಲ್ಲಿಗೇ ಸುಳ್ಳಾಗುತ್ತದೆ. "ಯಾವ ತಿಂಡಿ ಸರ್, ಯಾವತ್ತು ಒಯ್ದದ್ದು?" ಎಂದು ಕೇಳಿ, ಉತ್ತರ ಬಂದ ಮೇಲೆ ಬಾಣಲೆಯ ಮುಂದಿರುವವರಿಗೆ ಅದನ್ನು ತೋರಿಸಬೇಕು.